ಅಷ್ಟಮಠಗಳ ಪರ್ಯಾಯ

ಎರಡು ವರ್ಷಗಳಿಗೊಮ್ಮೆ, ಜನವರಿ ತಿಂಗಳ 18ನೆಯ ದಿನ, ಸೂರ್ಯೋದಯಕ್ಕೆ ಮುನ್ನವೇ ಉಡುಪಿಯ ರಥಬೀದಿಯು ಜನರಿಂದ ತುಂಬಿಹೋಗಿರುತ್ತದೆ. ಶ್ರೀಕೃಷ್ಣ ಮಠದ ಒಳಗೆ ಒಬ್ಬ ಸನ್ಯಾಸಿಯು ಇನ್ನೊಬ್ಬ ಸನ್ಯಾಸಿಯ ಕೈಗೆ ಮೂರು ವಸ್ತುಗಳನ್ನು ಒಪ್ಪಿಸುತ್ತಾರೆ. ಒಂದು ಅಕ್ಷಯ ಪಾತ್ರೆ, ಇನ್ನೊಂದು ಸಟ್ಟುಗ, ಮೂರನೆಯದು ಗರ್ಭಗುಡಿಯ ಬೀಗದ ಕೈ. ಕೊಟ್ಟವರು ಕಳೆದ ಎರಡು ವರ್ಷಗಳ ಕಾಲ ಆ ದೇವಾಲಯದ ಸಂಪೂರ್ಣ ಅಧಿಕಾರಿಗಳಾಗಿದ್ದವರು. ಆ ಗಳಿಗೆಯಿಂದ ಅವರಿಗೆ ಆ ಅಧಿಕಾರವಿಲ್ಲ. ಪಡೆದವರು ಮುಂದಿನ ಎರಡು ವರ್ಷಗಳ ಅಧಿಕಾರಿಗಳು. ಅವರ ಅಧಿಕಾರವೂ ಇಂತಹ ದಿನವೇ ಮುಗಿಯುವುದೆಂದು ಅಂದೇ ನಿಶ್ಚಿತವಾಗಿರುತ್ತದೆ. ಈ ಹಸ್ತಾಂತರಕ್ಕೆ 'ಪರ್ಯಾಯ'ವೆಂದು ಹೆಸರು. ಪರ್ಯಾಯವೆಂದರೆ ಸರದಿ. ಒಂದು ದೇವಾಲಯವನ್ನು ಎಂಟು ಮಠಗಳು ಸರದಿಯಂತೆ ನಡೆಸಿಕೊಂಡು ಬರುವ ಈ ವ್ಯವಸ್ಥೆ ಹೇಗೆ ಹುಟ್ಟಿತು, ಹೇಗೆ ನಡೆಯುತ್ತದೆ, ಅದರ ಕಷ್ಟಗಳೇನು ಎಂಬುದನ್ನು ಇಲ್ಲಿ ನೋಡೋಣ.

ದ್ವೈತ ಮತವನ್ನು ಪ್ರತಿಪಾದಿಸಿದ ಶ್ರೀ ಮಧ್ವಾಚಾರ್ಯರು ಉಡುಪಿಯ ಸಮೀಪದ ಪಾಜಕದಲ್ಲಿ ಜನಿಸಿದವರು. ಅವರ ಕಾಲವನ್ನು ವಿದ್ವಾಂಸರು ಸಾಮಾನ್ಯವಾಗಿ ಕ್ರಿ.ಶ. 1238ರಿಂದ 1317 ಎಂದು ಹೇಳುತ್ತಾರೆ. ಮಲ್ಪೆಯ ಕಡಲಿನಲ್ಲಿ ಅಪಾಯಕ್ಕೆ ಸಿಕ್ಕಿದ ಹಡಗೊಂದನ್ನು ಆಚಾರ್ಯರು ಕಾಪಾಡಿದರೆಂದೂ, ಅದರಲ್ಲಿ ದ್ವಾರಕೆಯಿಂದ ಬಂದಿದ್ದ ಗೋಪೀಚಂದನದ ಗಡ್ಡೆಯೊಳಗೆ ಬಾಲಕೃಷ್ಣನ ವಿಗ್ರಹವು ದೊರೆಯಿತೆಂದೂ, ಅದನ್ನು ಅವರು ಉಡುಪಿಯಲ್ಲಿ ಪ್ರತಿಷ್ಠಾಪಿಸಿದರೆಂದೂ ಐತಿಹ್ಯವಿದೆ. ಅದಕ್ಕೆ ಮೊದಲೇ ಉಡುಪಿಯಲ್ಲಿ ಅನಂತೇಶ್ವರ ಮತ್ತು ಚಂದ್ರಮೌಳೀಶ್ವರ ದೇವಾಲಯಗಳಿದ್ದವು. ಕೃಷ್ಣನ ಸನ್ನಿಧಿಯು ಹೊಸದು. ಅದರ ಪೂಜೆಯನ್ನು ಯಾರು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರವೂ ಹೊಸದಾಗಿಯೇ ಆಗಬೇಕಾಗಿತ್ತು.

ನಮ್ಮ ನಾಡಿನ ಬಹುಪಾಲು ದೇವಾಲಯಗಳಲ್ಲಿ ಪೂಜೆಯ ಹಕ್ಕು ಗೃಹಸ್ಥರಾದ ಅರ್ಚಕರ ವಂಶಗಳಿಗೆ ಸೇರಿರುತ್ತದೆ. ಆಡಳಿತವು ಧರ್ಮದರ್ಶಿಗಳ ಅಥವಾ ಸರ್ಕಾರದ ಕೈಯಲ್ಲಿರುತ್ತದೆ. ತಂದೆಯ ಹಕ್ಕು ಮಗನಿಗೆ ಬರುತ್ತದೆ. ಮಧ್ವಾಚಾರ್ಯರು ಈ ದಾರಿಯನ್ನು ಹಿಡಿಯಲಿಲ್ಲ. ಅವರು ತಮ್ಮ ಎಂಟು ಮಂದಿ ಸನ್ಯಾಸಿ ಶಿಷ್ಯರಿಗೆ ಕೃಷ್ಣನ ಪೂಜೆಯನ್ನು ವಹಿಸಿದರು. ಸನ್ಯಾಸಿಗೆ ಸಂತಾನವಿಲ್ಲ, ಆದ್ದರಿಂದ ಹಕ್ಕು ಒಂದು ಮನೆತನದ ಆಸ್ತಿಯಾಗುವ ಸಂಭವವಿಲ್ಲ. ಎಂಟು ಜನರಿರುವುದರಿಂದ ಯಾರೊಬ್ಬರೂ 'ಇದು ನನ್ನದು' ಎನ್ನುವಂತಿಲ್ಲ. ಆ ಎಂಟು ಶಿಷ್ಯರ ಪರಂಪರೆಗಳೇ ಮುಂದೆ ಎಂಟು ಮಠಗಳಾದವು.

ಹೃಷೀಕೇಶ ತೀರ್ಥರ ಪರಂಪರೆಯದು ಪಲಿಮಾರು ಮಠ. ನರಸಿಂಹ ತೀರ್ಥರದು ಅದಮಾರು. ಜನಾರ್ದನ ತೀರ್ಥರದು ಕೃಷ್ಣಾಪುರ. ಉಪೇಂದ್ರ ತೀರ್ಥರದು ಪುತ್ತಿಗೆ. ವಾಮನ ತೀರ್ಥರದು ಶಿರೂರು. ವಿಷ್ಣು ತೀರ್ಥರದು ಸೋದೆ. ರಾಮ ತೀರ್ಥರದು ಕಾಣಿಯೂರು. ಅಧೋಕ್ಷಜ ತೀರ್ಥರದು ಪೇಜಾವರ. ಇವು ಮೂಲಮಠಗಳಿರುವ ಊರುಗಳ ಹೆಸರುಗಳು. ಶಿರೂರು ಮತ್ತು ಪುತ್ತಿಗೆಗಳು ಉಡುಪಿಯ ಪೂರ್ವಕ್ಕೆ ಸುವರ್ಣಾ ನದಿಯ ಬಳಿ ಇವೆ. ಪೇಜಾವರವು ಮಂಗಳೂರಿನ ಸಮೀಪದಲ್ಲಿದೆ. ಸೋದೆಯು ಘಟ್ಟವನ್ನು ಹತ್ತಿ ಶಿರಸಿಯ ಕಡೆಗೆ ಹೋದರೆ ಸಿಗುತ್ತದೆ. ಪ್ರತಿಯೊಂದು ಮಠಕ್ಕೂ ತನ್ನದೇ ಆದ ಪಟ್ಟದ ದೇವರು, ತನ್ನದೇ ಆದ ಆಸ್ತಿ, ತನ್ನದೇ ಆದ ಶಿಷ್ಯವರ್ಗವುಂಟು. ಇದರ ಜೊತೆಗೆ ಉಡುಪಿಯ ರಥಬೀದಿಯ ಸುತ್ತಲೂ ಈ ಎಂಟು ಮಠಗಳ ಕಟ್ಟಡಗಳು ಕೃಷ್ಣ ಮಠವನ್ನು ಬಳಸಿ ನಿಂತಿವೆ. ಮಧ್ವಾಚಾರ್ಯರ ಇತರ ಶಿಷ್ಯರಾದ ಪದ್ಮನಾಭ ತೀರ್ಥರು, ಅಕ್ಷೋಭ್ಯ ತೀರ್ಥರು ಮೊದಲಾದವರ ಪರಂಪರೆಗಳು ಘಟ್ಟದ ಮೇಲಿನ ನಾಡಿನಲ್ಲಿ ಬೆಳೆದವು. ಮಳಖೇಡದಲ್ಲಿ ವೃಂದಾವನಸ್ಥರಾದ ಜಯತೀರ್ಥರು ಆ ಸಾಲಿಗೆ ಸೇರಿದವರು. ಆದರೆ ಆ ಮಠಗಳಿಗೆ ಕೃಷ್ಣನ ಪೂಜೆಯ ಸರದಿಯಲ್ಲಿ ಪಾಲಿಲ್ಲ. ಸರದಿಯು ಈ ಎಂಟಕ್ಕೇ ಸೀಮಿತವಾದುದು.

ಮೊದಲಿಗೆ ಸರದಿಯ ಅವಧಿಯು ಎರಡು ತಿಂಗಳು ಮಾತ್ರವಾಗಿತ್ತು. ಒಂದು ಮಠವು ಎರಡು ತಿಂಗಳು ಪೂಜೆ ನಡೆಸಿದ ಮೇಲೆ ಮುಂದಿನದು ಅದನ್ನು ವಹಿಸಿಕೊಳ್ಳುತ್ತಿತ್ತು. ಎಂಟು ಮಠಗಳೂ ಮುಗಿದು ಮೊದಲಿನ ಮಠಕ್ಕೆ ಮರಳಿ ಸರದಿ ಬರಲು 16 ತಿಂಗಳು ಬೇಕಾಗುತ್ತಿತ್ತು. ಈ ಏರ್ಪಾಡು ಸುಮಾರು ಎರಡು ಶತಮಾನಗಳಿಗೂ ಮೀರಿ ನಡೆಯಿತು. ಇದರಲ್ಲಿ ಇದ್ದ ತೊಡಕು ಮೇಲ್ನೋಟಕ್ಕೆ ಕಾಣುವುದಿಲ್ಲ. ಲೆಕ್ಕ ಹಾಕಿದರೆ ಕಾಣುತ್ತದೆ.

ಒಂದು ಮಠವು ಚೈತ್ರ, ವೈಶಾಖಗಳಲ್ಲಿ ಪೂಜೆ ನಡೆಸಿತೆಂದು ಭಾವಿಸೋಣ. ಅಧಿಕಮಾಸವನ್ನು ಸದ್ಯಕ್ಕೆ ಬಿಟ್ಟು ಎಣಿಸಿದರೆ, 16 ತಿಂಗಳ ಬಳಿಕ ಅದಕ್ಕೆ ಬರುವುದು ಶ್ರಾವಣ, ಭಾದ್ರಪದಗಳ ಸರದಿ. ಮತ್ತೆ 16 ತಿಂಗಳಾದ ಮೇಲೆ ಮಾರ್ಗಶಿರ, ಪುಷ್ಯಗಳು. ನಾಲ್ಕನೆಯ ಬಾರಿ ತಿರುಗಿ ಚೈತ್ರವೇ ಬರುತ್ತದೆ. ಆ ಮಠದ ಬಳಿಕ ಬರುವ ಎರಡನೆಯ ಮಠಕ್ಕೆ ದೊರೆಯುವುದು ಜ್ಯೇಷ್ಠ ಮತ್ತು ಆಷಾಢ, ಆಶ್ವಯುಜ ಮತ್ತು ಕಾರ್ತಿಕ, ಮಾಘ ಮತ್ತು ಫಾಲ್ಗುಣ ಮಾತ್ರ. ಶ್ರಾವಣವು ಅದರ ಪಾಲಿಗೆ ಬರುವುದೇ ಇಲ್ಲ. ಹೀಗೆ ನಾಲ್ಕು ಮಠಗಳಿಗೆ ಶ್ರಾವಣ ಮಾಸದ ಉತ್ಸವಗಳು ಮತ್ತೆ ಮತ್ತೆ ಒದಗಿದರೆ, ಉಳಿದ ನಾಲ್ಕಕ್ಕೆ ಅವು ಒದಗುವುದು ಅಧಿಕಮಾಸವೊಂದು ಲೆಕ್ಕವನ್ನು ತಪ್ಪಿಸಿದಾಗ ಮಾತ್ರ. ಸರದಿಯು ಸಮನಾಗಿದ್ದರೂ ಹಂಚಿಕೆಯು ಸಮನಾಗಿರಲಿಲ್ಲ.

ಇನ್ನೊಂದು ತೊಡಕು ಸಂಚಾರದ್ದು. ಯತಿಗಳು ಊರೂರು ಸುತ್ತಿ ಶಾಸ್ತ್ರವನ್ನು ಬೋಧಿಸಬೇಕು, ತೀರ್ಥಕ್ಷೇತ್ರಗಳನ್ನು ದರ್ಶಿಸಬೇಕು. ಕಾಲುನಡಿಗೆಯ ಆ ದಿನಗಳಲ್ಲಿ ಉಡುಪಿಯಿಂದ ಬದರಿಗೆ ಹೋಗಿ ಹಿಂದಿರುಗಲು ದೀರ್ಘಕಾಲ ಹಿಡಿಯುತ್ತಿತ್ತು. ಎರಡು ಸರದಿಗಳ ನಡುವೆ ಸಿಗುತ್ತಿದ್ದುದು ಕೇವಲ 14 ತಿಂಗಳು. ದೂರ ಹೋದವರು ಸರದಿಗೆ ಹಿಂದಿರುಗುವರೆಂಬ ಭರವಸೆಯಿಲ್ಲ. ಸರದಿಯನ್ನು ಕಾಯುತ್ತ ಕುಳಿತವರಿಗೆ ದೂರ ಹೋಗುವ ಅವಕಾಶವಿಲ್ಲ.

ಈ ಏರ್ಪಾಡನ್ನು ತಿದ್ದಿದವರು ಸೋದೆ ಮಠದ ಶ್ರೀ ವಾದಿರಾಜ ತೀರ್ಥರು. ಅವರು ವಿದ್ವಾಂಸರು, ಕನ್ನಡದಲ್ಲಿ ಕೀರ್ತನೆಗಳನ್ನು ರಚಿಸಿದ ಹರಿದಾಸರು. ಸರದಿಯ ಅವಧಿಯನ್ನು ಅವರು ಎರಡು ತಿಂಗಳಿನಿಂದ ಎರಡು ವರ್ಷಕ್ಕೆ ಏರಿಸಿದರು. ಇದರಿಂದ ಪ್ರತಿಯೊಂದು ಮಠಕ್ಕೂ ವರ್ಷದ ಹನ್ನೆರಡು ತಿಂಗಳೂ, ಎಲ್ಲ ಉತ್ಸವಗಳೂ, ಎರಡೆರಡು ಬಾರಿ ದೊರೆಯುವಂತಾಯಿತು. ಒಂದು ಸುತ್ತು ಪೂರ್ತಿಯಾಗಲು 16 ತಿಂಗಳ ಬದಲು 16 ವರ್ಷಗಳು ಬೇಕಾದವು. ಎರಡು ವರ್ಷ ಪೀಠದಲ್ಲಿ ಕುಳಿತ ಯತಿಗೆ ಆ ಬಳಿಕ 14 ವರ್ಷಗಳ ಬಿಡುವು. ಸಂಚಾರಕ್ಕೆ, ಪಾಠಪ್ರವಚನಕ್ಕೆ, ಮುಂದಿನ ಸರದಿಗೆ ಬೇಕಾದ ಹಣವನ್ನು ಕೂಡಿಸಲು ಅಷ್ಟು ಕಾಲ ಸಾಕು.

ಹೊಸ ಕ್ರಮದ ಮೊದಲ ಪರ್ಯಾಯವು 1522ರಲ್ಲಿ ಪಲಿಮಾರು ಮಠದಿಂದ ಆರಂಭವಾಯಿತು. ಅದರ ಹಿಂದೆ ಅದಮಾರು, ಕೃಷ್ಣಾಪುರ, ಪುತ್ತಿಗೆ, ಶಿರೂರು, ಸೋದೆ, ಕಾಣಿಯೂರು, ಪೇಜಾವರ ಎಂಬುದು ಸರದಿಯ ಕ್ರಮ. ಈ ಕ್ರಮವು ಎಷ್ಟು ಗಟ್ಟಿಯಾಗಿ ನಿಂತಿದೆಯೆಂಬುದನ್ನು ಯಾರಾದರೂ ಪರೀಕ್ಷಿಸಬಹುದು. 2018ರ ಪರ್ಯಾಯವು ಪಲಿಮಾರು ಮಠದ್ದು. 2018ರಿಂದ 1522ನ್ನು ಕಳೆದರೆ 496 ವರ್ಷ. ಅದನ್ನು 16ರಿಂದ ಭಾಗಿಸಿದರೆ ಶೇಷವಿಲ್ಲದೆ 31 ಬರುತ್ತದೆ. ಎಂದರೆ 31 ಸುತ್ತುಗಳು ಪೂರ್ತಿಯಾಗಿ, 2018ರಲ್ಲಿ 32ನೆಯ ಸುತ್ತು ಆರಂಭವಾಯಿತು. ಈ ನಡುವೆ ವಿಜಯನಗರವು ಅಳಿಯಿತು; ಕೆಳದಿಯ ನಾಯಕರು ಆಳಿ ಹೋದರು; ಹೈದರನೂ ಟಿಪ್ಪುವೂ ಬಂದರು; ಇಂಗ್ಲಿಷರ ಆಳ್ವಿಕೆ ಬಂದು ಮುಗಿಯಿತು. ಸರದಿಯ ಎಣಿಕೆಯು ಮಾತ್ರ ತಪ್ಪಲಿಲ್ಲ.

ಪರ್ಯಾಯದ ದಿನವೊಂದೇ ಪರ್ಯಾಯವಲ್ಲ. ಸಿದ್ಧತೆಯು ಸುಮಾರು ಒಂದು ವರ್ಷಕ್ಕೂ ಮೊದಲೇ ಆರಂಭವಾಗುತ್ತದೆ. ಈ ಸಿದ್ಧತೆಯನ್ನು ನಾಲ್ಕು ಮುಹೂರ್ತಗಳಾಗಿ ವಿಂಗಡಿಸಿದ್ದಾರೆ. ಮೊದಲನೆಯದು ಬಾಳೆ ಮುಹೂರ್ತ. ಅಂದು ಬಾಳೆಯ ಕಂದುಗಳನ್ನೂ ತುಳಸಿಯ ಗಿಡಗಳನ್ನೂ ನೆಡುತ್ತಾರೆ. ಪೂಜೆಗೆ ತುಳಸಿ ಬೇಕು. ಊಟಕ್ಕೆ ಬಾಳೆಯ ಎಲೆ ಬೇಕು. ಬಾಳೆಯು ನೆಟ್ಟ ಮರುದಿನ ಫಲ ಕೊಡುವ ಗಿಡವಲ್ಲ. ಅದಕ್ಕೆ ವರ್ಷದ ಅವಧಿ ಬೇಕು. ಆದ್ದರಿಂದಲೇ ಅದು ಮೊದಲ ಮುಹೂರ್ತ. ಎರಡನೆಯದು ಅಕ್ಕಿ ಮುಹೂರ್ತ; ಅಕ್ಕಿಯ ಸಂಗ್ರಹಕ್ಕೆ ಅಂದು ಆರಂಭ. ಮೂರನೆಯದು ಕಟ್ಟಿಗೆ ಮುಹೂರ್ತ. ಅಡುಗೆಗೆ ಬೇಕಾದ ಸೌದೆಯನ್ನು ತಂದು ಮಧ್ವಸರೋವರದ ಸಮೀಪದಲ್ಲಿ ರಥದ ಆಕಾರದಲ್ಲಿ ಒಟ್ಟುತ್ತಾರೆ. ಉಡುಪಿಗೆ ಹೋದವರಿಗೆ ಈ ಕಟ್ಟಿಗೆಯ ರಥವು ಕಣ್ಣಿಗೆ ಬೀಳದೆ ಇರುವುದಿಲ್ಲ. ಕೊನೆಯದು ಭತ್ತ ಮುಹೂರ್ತ. ಪರ್ಯಾಯಕ್ಕೆ ಕೆಲವು ವಾರಗಳು ಉಳಿದಿರುವಾಗ, ಹೊಸ ಬೆಳೆ ಮನೆಗೆ ಬರುವ ಕಾಲದಲ್ಲಿ, ಅದು ನಡೆಯುತ್ತದೆ.

ಎಲೆ, ಅಕ್ಕಿ, ಸೌದೆ, ಭತ್ತ — ಈ ನಾಲ್ಕು ಮುಹೂರ್ತಗಳಲ್ಲಿ ದೊಡ್ಡದೊಂದು ಅಡುಗೆಮನೆಯ ಲೆಕ್ಕಾಚಾರವೇ ಅಡಗಿದೆ. ಹಸ್ತಾಂತರದಲ್ಲಿ ಸಟ್ಟುಗವನ್ನು ಕೊಡುವುದೂ ಇದೇ ಕಾರಣದಿಂದ. ಕೃಷ್ಣನ ಸನ್ನಿಧಿಗೆ ಬಂದವರಿಗೆ ಅನ್ನವಿಕ್ಕುವುದು ಪೂಜೆಯಷ್ಟೇ ಮುಖ್ಯವಾದ ಹೊಣೆಯೆಂದು ಉಡುಪಿಯಲ್ಲಿ ಭಾವಿಸುತ್ತಾರೆ. ಎರಡು ವರ್ಷಗಳ ಕಾಲ ದಿನವೂ ಸಾವಿರಾರು ಜನರ ಊಟ ನಡೆಯಬೇಕು. ಉಗ್ರಾಣದಲ್ಲಿ ಅಕ್ಕಿ ಮುಗಿದರೆ, ಹಸಿ ಸೌದೆ ಉರಿಯದಿದ್ದರೆ ಅದಕ್ಕೆ ಯಾವ ಮಂತ್ರವೂ ಪರಿಹಾರವಲ್ಲ. ಆದ್ದರಿಂದ ಸಂಗ್ರಹದ ಕೆಲಸವನ್ನೇ ಧಾರ್ಮಿಕ ವಿಧಿಯನ್ನಾಗಿ ಮಾಡಿ, ಅದಕ್ಕೆ ದಿನವನ್ನು ಗೊತ್ತುಮಾಡಿ, ಊರ ಜನರ ಎದುರಿನಲ್ಲಿ ನಡೆಸುತ್ತಾರೆ. ಯಾವ ಮಠದ ಸಿದ್ಧತೆಯು ಎಲ್ಲಿಗೆ ಬಂದಿದೆಯೆಂಬುದು ಎಲ್ಲರಿಗೂ ತಿಳಿಯುತ್ತದೆ.

ಇದೇ ಕಾಲದಲ್ಲಿ ಸರದಿಯನ್ನು ವಹಿಸಿಕೊಳ್ಳಲಿರುವ ಯತಿಗಳು ಸಂಚಾರಕ್ಕೆ ಹೊರಡುತ್ತಾರೆ. ಕ್ಷೇತ್ರಗಳನ್ನು ದರ್ಶಿಸಿ, ಶಿಷ್ಯರಿಂದ ಕಾಣಿಕೆಯನ್ನು ಸ್ವೀಕರಿಸಿ, ಪರ್ಯಾಯಕ್ಕೆ ಕೆಲವು ದಿನಗಳಿರುವಾಗ ಉಡುಪಿಗೆ ಹಿಂದಿರುಗುತ್ತಾರೆ. ಅದಕ್ಕೆ ಪುರಪ್ರವೇಶವೆಂದು ಹೆಸರು. ಆ ದಿನಗಳಲ್ಲಿ ಸುತ್ತಮುತ್ತಲಿನ ಗ್ರಾಮಗಳ ಜನರು ಅಕ್ಕಿ, ತೆಂಗಿನಕಾಯಿ, ತರಕಾರಿಗಳನ್ನು ಮೆರವಣಿಗೆಯಲ್ಲಿ ತಂದು ಒಪ್ಪಿಸುತ್ತಾರೆ. ಇದು ಹೊರೆಕಾಣಿಕೆ. ಉಡುಪಿಯ ದಕ್ಷಿಣಕ್ಕಿರುವ ಮಟ್ಟು ಎಂಬ ಗ್ರಾಮದ ರೈತರು ತಮ್ಮ ಊರಿನ ಗುಳ್ಳವನ್ನು, ಎಂದರೆ ಬದನೆಯನ್ನು, ತರುತ್ತಾರೆ. ಅದರ ಬೀಜವನ್ನು ವಾದಿರಾಜರೇ ಕೊಟ್ಟರೆಂದು ಅವರ ನಂಬಿಕೆ.

ಪರ್ಯಾಯದ ರಾತ್ರಿ ಸರದಿಯ ಯತಿಗಳು ಕಾಪುವಿನ ಬಳಿಯ ದಂಡತೀರ್ಥಕ್ಕೆ ಹೋಗಿ ಸ್ನಾನ ಮಾಡುತ್ತಾರೆ. ಬೆಳಗಿನ ಜಾವಕ್ಕೆ ಉಡುಪಿಯ ಜೋಡುಕಟ್ಟೆಗೆ ಬರುತ್ತಾರೆ. ಅಲ್ಲಿಂದ ಮೆರವಣಿಗೆ ಹೊರಡುತ್ತದೆ. ಇತರ ಮಠಗಳ ಯತಿಗಳೂ ಅದರಲ್ಲಿ ಪಾಲುಗೊಳ್ಳುತ್ತಾರೆ. ರಥಬೀದಿಗೆ ಬಂದ ಮೇಲೆ ಕನಕನ ಕಿಂಡಿಯಲ್ಲಿ ಕೃಷ್ಣನನ್ನು ದರ್ಶಿಸಿ, ಚಂದ್ರಮೌಳೀಶ್ವರ, ಅನಂತೇಶ್ವರ ದೇವಾಲಯಗಳಿಗೆ ಹೋಗಿ, ಆ ಬಳಿಕ ಕೃಷ್ಣ ಮಠದ ಬಾಗಿಲಿಗೆ ಬರುತ್ತಾರೆ. ಅವಧಿ ಮುಗಿಸಿದ ಯತಿಗಳು ಅವರನ್ನು ಎದುರ್ಗೊಂಡು ಒಳಗೆ ಕರೆದೊಯ್ಯುತ್ತಾರೆ. ಮಧ್ವಾಚಾರ್ಯರ ಸನ್ನಿಧಿಯಲ್ಲಿ ಪಾತ್ರೆ, ಸಟ್ಟುಗ, ಬೀಗದ ಕೈಗಳನ್ನು ಒಪ್ಪಿಸಿ, ಹೊಸಬರನ್ನು ಕೈಹಿಡಿದು ಸರ್ವಜ್ಞ ಪೀಠದಲ್ಲಿ ಕುಳ್ಳಿರಿಸುತ್ತಾರೆ. ಅಧಿಕಾರವನ್ನು ಬಿಡುವವರೇ ಪಡೆಯುವವರನ್ನು ಪೀಠದಲ್ಲಿ ಕುಳ್ಳಿರಿಸುವುದು ಇಲ್ಲಿಯ ವಿಶೇಷ. ಆ ಬಳಿಕ ಬಡಗುಮಾಳಿಗೆಯಲ್ಲಿ ಗೌರವಾರ್ಪಣೆ, ಮುಂದೆ ರಾಜಾಂಗಣದಲ್ಲಿ ದರ್ಬಾರು. ಅಂದಿನ ಮಹಾಪೂಜೆಯನ್ನು ಹೊಸ ಯತಿಗಳೇ ಮಾಡುತ್ತಾರೆ.

ಅಂದಿನಿಂದ ಕೃಷ್ಣ ಮಠದ ಎಲ್ಲ ಹೊಣೆಯೂ ಪರ್ಯಾಯ ಮಠದ್ದು. ದಿನಕ್ಕೆ ಹದಿನಾಲ್ಕು ಬಗೆಯ ಪೂಜೆಗಳು ನಡೆಯುತ್ತವೆ. ಬೆಳಗಿನ ಜಾವದ ನಿರ್ಮಾಲ್ಯ ವಿಸರ್ಜನೆಯಿಂದ ತೊಡಗಿ, ಪಂಚಾಮೃತದ ಅಭಿಷೇಕ, ಅಲಂಕಾರ, ಮಹಾಪೂಜೆಗಳು ನಡೆದು, ರಾತ್ರಿಯ ಏಕಾಂತ ಸೇವೆಯವರೆಗೆ ಅದು ಸಾಗುತ್ತದೆ. ವಿಗ್ರಹವನ್ನು ಮುಟ್ಟಿ ಪೂಜಿಸುವ ಅಧಿಕಾರವು ಅಷ್ಟಮಠಗಳ ಯತಿಗಳಿಗೆ ಮಾತ್ರ. ಆದ್ದರಿಂದ ಪರ್ಯಾಯ ಯತಿಗಳು ಆ ಎರಡು ವರ್ಷ ಸಂಚಾರವನ್ನು ಬಿಟ್ಟು ಉಡುಪಿಯಲ್ಲಿಯೇ ನಿಲ್ಲಬೇಕಾಗುತ್ತದೆ. ಮಠದ ದಿವಾನರು ಲೆಕ್ಕಪತ್ರವನ್ನೂ ವ್ಯವಹಾರವನ್ನೂ ನೋಡುತ್ತಾರೆ. ಪಾರುಪತ್ಯಗಾರರು ದಿನದಿನದ ಕಾರ್ಯಗಳನ್ನು ನಡೆಸುತ್ತಾರೆ. ಆ ಅವಧಿಯಲ್ಲಿ ಭಕ್ತರಿಂದ ಬರುವ ಆದಾಯವು ಪರ್ಯಾಯ ಮಠಕ್ಕೆ ಸೇರುತ್ತದೆ. ಖರ್ಚನ್ನೂ ಅದೇ ಮಠವು ಹೊರಬೇಕು. ಆದಾಯಕ್ಕಿಂತ ಖರ್ಚು ಹೆಚ್ಚಾದರೆ ಕೊರತೆಯನ್ನು ತುಂಬಿಕೊಡುವವರು ಬೇರೆ ಯಾರೂ ಇಲ್ಲ.

ಈ ಮಾತಿನ ಭಾರವೆಷ್ಟೆಂಬುದನ್ನು ಶಿರೂರು ಮಠದ ಕಥೆಯು ತೋರಿಸುತ್ತದೆ. ಆ ಮಠದ ಶ್ರೀ ಲಕ್ಷ್ಮೀಂದ್ರ ತೀರ್ಥರು 1919ರಲ್ಲಿ, ಇನ್ನೂ ಅಪ್ರಾಪ್ತ ವಯಸ್ಕರಾಗಿರುವಾಗಲೇ, ಪೀಠಕ್ಕೆ ಬಂದರು. 1926ರ ಸುಮಾರಿಗೆ ಆಡಳಿತವನ್ನು ತಾವೇ ವಹಿಸಿಕೊಂಡಾಗ ಮಠದ ಮೇಲೆ ಭಾರಿ ಸಾಲವಿತ್ತು. ಕೆಲವೇ ವರ್ಷಗಳಲ್ಲಿ ಅದರ ಬಹುಭಾಗವನ್ನು ಅವರು ತೀರಿಸಿದರು. ಅಷ್ಟರಲ್ಲಿ ಅವರ ಮೊದಲ ಪರ್ಯಾಯವು ಬಂದಿತು. ಅದರ ಖರ್ಚಿಗಾಗಿ ಮತ್ತೆ ಸಾಲ ಮಾಡಬೇಕಾಯಿತು. ಆ ಸಾಲವನ್ನು ಹಗುರ ಮಾಡಿಕೊಳ್ಳುತ್ತಿರುವಾಗ 1946ರಲ್ಲಿ ಎರಡನೆಯ ಪರ್ಯಾಯವು ಬಂದಿತು. ಎರಡನೆಯ ಮಹಾಯುದ್ಧವು ಆಗತಾನೆ ಮುಗಿದಿತ್ತು. ಆಹಾರ ಧಾನ್ಯಗಳ ಅಭಾವ. ಎಲ್ಲ ವಸ್ತುಗಳ ಬೆಲೆಯೂ ಏರಿತ್ತು. ಬೇರೆ ಗೃಹಸ್ಥನಾದರೆ ಇಂತಹ ಕಾಲದಲ್ಲಿ ಮದುವೆಯನ್ನು ಮುಂದೂಡಬಹುದು. ಸರದಿಯನ್ನು ಮುಂದೂಡುವಂತಿಲ್ಲ, ಬಂದವರಿಗೆ ಅನ್ನವಿಲ್ಲವೆನ್ನುವಂತಿಲ್ಲ. ಮಠದ ಸಾಲವು ಸುಮಾರು ಒಂದು ಲಕ್ಷ ರೂಪಾಯಿಗಳಿಗೆ ಏರಿತು. ಆ ಕಾಲಕ್ಕೆ ಅದು ಬಹು ದೊಡ್ಡ ಮೊತ್ತ.

ಉಡುಪಿಯು ಆಗ ಮದರಾಸು ಆಡಳಿತಕ್ಕೆ ಸೇರಿದ್ದಿತು. ಅಲ್ಲಿಯ ಹಿಂದೂ ಧಾರ್ಮಿಕ ದತ್ತಿ ಮಂಡಳಿಯು ಮಠದ ವ್ಯವಹಾರದಲ್ಲಿ ಕೈಹಾಕಿತು. ಮಠದ ಆಡಳಿತಕ್ಕೆ ಒಂದು ಯೋಜನೆಯನ್ನೇ ರೂಪಿಸಲು ಹೊರಟಿತು. ಸ್ವಾಮಿಗಳು ನ್ಯಾಯಾಲಯದ ಮೊರೆಹೊಕ್ಕರು. 1951ರಲ್ಲಿ ಮದರಾಸು ಸರ್ಕಾರವು ಹೊಸ ಧಾರ್ಮಿಕ ದತ್ತಿ ಕಾನೂನನ್ನು ಜಾರಿಗೆ ತಂದುದರಿಂದ ವಾದವು ಆ ಕಾನೂನಿನ ಸಿಂಧುತ್ವದ ಕಡೆಗೆ ತಿರುಗಿತು. ಅಂತಿಮವಾಗಿ 1954ರ ಮಾರ್ಚ್ 16ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ತೀರ್ಪು ನೀಡಿತು. ಕಾನೂನಿನ ಹಲವು ವಿಧಿಗಳು ಸಂವಿಧಾನಕ್ಕೆ ವಿರುದ್ಧವೆಂದು ಅದು ತೀರ್ಮಾನಿಸಿತು. ಯಾವ ಪೂಜೆ, ಯಾವ ಉತ್ಸವ, ಯಾವ ವಿಧಿ ತಮ್ಮ ಧರ್ಮಕ್ಕೆ ಅವಶ್ಯಕವೆಂಬುದನ್ನು ನಿರ್ಣಯಿಸುವ ಸ್ವಾತಂತ್ರ್ಯವು ಆ ಧಾರ್ಮಿಕ ಪಂಗಡಕ್ಕೇ ಸೇರಿದ್ದು. ಹೊರಗಿನವರು ಅದರಲ್ಲಿ ಪ್ರವೇಶಿಸಬಾರದು. ಆದರೆ ಆಸ್ತಿಯ ಆಡಳಿತವನ್ನು ಕಾನೂನಿನ ಮೂಲಕ ನಿಯಂತ್ರಿಸುವ ಅಧಿಕಾರವು ಸರ್ಕಾರಕ್ಕೆ ಉಂಟು. ವಿಧಿಗಳಿಗೆ ಎಷ್ಟು ಖರ್ಚು ಮಾಡಬೇಕೆಂಬ ಪ್ರಮಾಣವೂ ಆಸ್ತಿಯ ಆಡಳಿತಕ್ಕೆ ಸೇರಿದ ವಿಷಯ. ತೀರ್ಪಿನ ತಿರುಳು ಇಷ್ಟು. ಭಾರತದಲ್ಲಿ ಧರ್ಮಸ್ವಾತಂತ್ರ್ಯದ ಮೇರೆಯನ್ನು ಕುರಿತು ವಾದ ಬಂದಾಗಲೆಲ್ಲ ಇಂದಿಗೂ 'ಶಿರೂರು ಮಠದ ಮೊಕದ್ದಮೆ'ಯನ್ನು ಉಲ್ಲೇಖಿಸುತ್ತಾರೆ. ಅದರ ಹಿಂದೆ ಪರ್ಯಾಯದ ಅನ್ನದಾನಕ್ಕಾಗಿ ಮಾಡಿದ ಸಾಲವೊಂದಿತ್ತೆಂಬುದು ಹಲವರಿಗೆ ತಿಳಿಯದು.

ಮಠಗಳ ಆದಾಯದ ಮೂಲವೂ ಬದಲಾಯಿತು. ಹಿಂದೆ ಮಠಗಳಿಗೆ ಗೇಣಿಯ ರೂಪದಲ್ಲಿ ಅಕ್ಕಿಯು ಬರುತ್ತಿತ್ತು. 1974ರಲ್ಲಿ ಕರ್ನಾಟಕದ ಭೂಸುಧಾರಣೆಯ ಕಾನೂನು ಬಿಗಿಯಾಗಿ ಜಾರಿಗೆ ಬಂದಾಗ ಗೇಣಿಯ ಭೂಮಿಗಳು ಉಳುವ ರೈತರಿಗೆ ಸೇರಿದವು. ರೈತನಿಗೆ ಭೂಮಿ ದೊರೆತುದು ನ್ಯಾಯವೇ. ಆದರೆ ಮಠಗಳ ಉಗ್ರಾಣಕ್ಕೆ ತಾನಾಗಿ ಬರುತ್ತಿದ್ದ ಅಕ್ಕಿಯು ನಿಂತಿತು. ಅಂದಿನಿಂದ ಪರ್ಯಾಯವು ಭಕ್ತರ ಕಾಣಿಕೆ, ಸೇವಾಶುಲ್ಕ, ದಾನಗಳನ್ನೇ ಹೆಚ್ಚಾಗಿ ಅವಲಂಬಿಸಬೇಕಾಯಿತು. ಹಿಂದೆ ಗೇಣಿಯಾಗಿ ಬರುತ್ತಿದ್ದ ಅಕ್ಕಿಯು ಈಗ ಹೊರೆಕಾಣಿಕೆಯಾಗಿ ಬರುತ್ತದೆ.

ಹಣದ ಕಷ್ಟಕ್ಕಿಂತಲೂ ಕಠಿಣವಾದುದು ಮನುಷ್ಯರ ಕೊರತೆ. ಸರದಿಯು ನಡೆಯಬೇಕಾದರೆ ಎಂಟು ಪೀಠಗಳಲ್ಲಿಯೂ ಯತಿಗಳಿರಬೇಕು. ಒಬ್ಬರು ಉತ್ತರಾಧಿಕಾರಿಯನ್ನು ನೇಮಿಸದೆ ತೀರಿಹೋದರೆ ಏನು ಮಾಡಬೇಕು? ಇದಕ್ಕೆ ಪೂರ್ವಿಕರು ಮಾಡಿದ ಏರ್ಪಾಡೇ ದ್ವಂದ್ವ ಮಠ. ಎಂಟು ಮಠಗಳನ್ನು ನಾಲ್ಕು ಜೋಡಿಗಳನ್ನಾಗಿ ಮಾಡಿದ್ದಾರೆ: ಪಲಿಮಾರು ಮತ್ತು ಅದಮಾರು, ಕೃಷ್ಣಾಪುರ ಮತ್ತು ಪುತ್ತಿಗೆ, ಶಿರೂರು ಮತ್ತು ಸೋದೆ, ಕಾಣಿಯೂರು ಮತ್ತು ಪೇಜಾವರ. ಒಂದು ಮಠದ ಪೀಠವು ಬರಿದಾದರೆ ಅದರ ಜೊತೆಯ ಮಠದ ಯತಿಗಳು ಪೂಜೆಯನ್ನೂ ಆಡಳಿತವನ್ನೂ ನೋಡಿಕೊಂಡು, ತಕ್ಕ ಶಿಷ್ಯನನ್ನು ಆರಿಸಿ ಸನ್ಯಾಸವನ್ನಿತ್ತು ಪೀಠದಲ್ಲಿ ಕುಳ್ಳಿರಿಸಬೇಕು. ಅವರು ಆ ಮಠವನ್ನು ತಮ್ಮದರಲ್ಲಿ ಸೇರಿಸಿಕೊಳ್ಳುವಂತಿಲ್ಲ.

ಈ ಏರ್ಪಾಡು ಕೇವಲ ಹಳೆಯ ಕಟ್ಟಳೆಯಲ್ಲ. 2018ರ ಜುಲೈ ತಿಂಗಳಲ್ಲಿ ಶಿರೂರು ಮಠದ ಶ್ರೀ ಲಕ್ಷ್ಮೀವರ ತೀರ್ಥರು ಉತ್ತರಾಧಿಕಾರಿಯಿಲ್ಲದೆ ನಿಧನರಾದರು. ದ್ವಂದ್ವ ಮಠವಾದ ಸೋದೆಯ ಶ್ರೀ ವಿಶ್ವವಲ್ಲಭ ತೀರ್ಥರು ಹೊಣೆಯನ್ನು ವಹಿಸಿಕೊಂಡರು. ಸುಮಾರು ಮೂರು ವರ್ಷಗಳ ಬಳಿಕ, 2021ರಲ್ಲಿ, ಅವರು ಹದಿಹರೆಯದ ವಟುವೊಬ್ಬರಿಗೆ ಸನ್ಯಾಸವನ್ನಿತ್ತು ಶ್ರೀ ವೇದವರ್ಧನ ತೀರ್ಥರೆಂಬ ಹೆಸರಿನಿಂದ ಶಿರೂರು ಪೀಠಕ್ಕೆ ನೇಮಿಸಿದರು. ಅಪ್ರಾಪ್ತ ವಯಸ್ಕನಿಗೆ ಸನ್ಯಾಸ ಕೊಡಬಹುದೇ ಎಂಬ ಪ್ರಶ್ನೆಯು ಕರ್ನಾಟಕ ಉಚ್ಚ ನ್ಯಾಯಾಲಯದವರೆಗೆ ಹೋಯಿತು. ಅದಕ್ಕೆ ಕಾನೂನಿನ ಅಡ್ಡಿಯಿಲ್ಲವೆಂದು ನ್ಯಾಯಾಲಯವು ಅದೇ ವರ್ಷ ತೀರ್ಪು ನೀಡಿತು. 2026ರ ಜನವರಿಯ ಸರದಿಯು ಶಿರೂರು ಮಠದ್ದಾಗಿತ್ತು. ನಡುವಿನ ಆ ವರ್ಷಗಳಲ್ಲಿ ಪೀಠವು ಬರಿದಾಗಿಯೇ ಉಳಿದಿದ್ದರೆ ಆ ಸರದಿಯ ಕೊಂಡಿಯು ಅಲ್ಲಿಯೇ ಸಡಿಲವಾಗುತ್ತಿತ್ತು.

ಬಾಲ್ಯದಲ್ಲಿ ಸನ್ಯಾಸ ಕೊಡುವ ಪದ್ಧತಿಗೂ ಸರದಿಯ ಲೆಕ್ಕಕ್ಕೂ ಸಂಬಂಧವಿದೆಯೆಂಬುದನ್ನು ಇಲ್ಲಿ ಗಮನಿಸಬಹುದು. ಸರದಿಯು 16 ವರ್ಷಗಳಿಗೊಮ್ಮೆ ಬರುವುದರಿಂದ ಒಬ್ಬ ಯತಿಗೆ ಜೀವಮಾನದಲ್ಲಿ ಎರಡೋ ಮೂರೋ ಪರ್ಯಾಯಗಳು ದೊರೆಯುತ್ತವೆ. ಬಾಲ್ಯದಲ್ಲಿಯೇ ಸನ್ಯಾಸಿಯಾಗಿ ದೀರ್ಘಕಾಲ ಬಾಳಿದ ಪೇಜಾವರ ಮಠದ ಶ್ರೀ ವಿಶ್ವೇಶ ತೀರ್ಥರಿಗೆ 1952, 1968, 1984, 2000 ಮತ್ತು 2016ರಲ್ಲಿ, ಹೀಗೆ ಐದು ಪರ್ಯಾಯಗಳು ದೊರೆತವು. ವಾದಿರಾಜರಿಗೂ ನಾಲ್ಕು ಪರ್ಯಾಯಗಳಾಗಿ, ಐದನೆಯದನ್ನು ಅವರ ಶಿಷ್ಯರು ನಡೆಸಿದರೆಂದು ಸಂಪ್ರದಾಯವು ಹೇಳುತ್ತದೆ. ಮೊದಲ ಪರ್ಯಾಯದಲ್ಲಿ ಕಲಿತ ಪಾಠವನ್ನು ಬಳಸಿಕೊಳ್ಳಲು 14 ವರ್ಷ ಕಾಯಬೇಕು. ಅಷ್ಟರಲ್ಲಿ ಬೆಲೆಗಳೂ ಜನರೂ ಬದಲಾಗಿರುತ್ತಾರೆ. ದೀರ್ಘವಾದ ಸುತ್ತಿನ ಅನುಕೂಲಕ್ಕೆ ತೆರಬೇಕಾದ ಬೆಲೆಯಿದು.

ಇನ್ನೊಂದು ಮಿತಿಯನ್ನೂ ಹೇಳಬೇಕು. ಎಂಟು ಮಠಗಳು ಸಮಾನವಾದುವು. ಅವುಗಳ ಮೇಲೆ ಆಜ್ಞೆ ಮಾಡುವ ಒಂಬತ್ತನೆಯ ಪೀಠವಿಲ್ಲ. ಅಭಿಪ್ರಾಯಭೇದ ಬಂದಾಗ ಎಂಟು ಮಂದಿಯೂ ಕೂಡಿ ಮಾತನಾಡಿ ಒಪ್ಪಂದಕ್ಕೆ ಬರಬೇಕು. ಬಾರದಿದ್ದರೆ ವಿವಾದವು ಉಳಿಯುತ್ತದೆ. ಪುತ್ತಿಗೆ ಮಠದ ಶ್ರೀ ಸುಗುಣೇಂದ್ರ ತೀರ್ಥರು ಧರ್ಮಪ್ರಸಾರಕ್ಕಾಗಿ ವಿದೇಶಗಳಿಗೆ ಹೋಗಿಬಂದಿದ್ದರು. 2008ರಲ್ಲಿ ಅವರ ಸರದಿಯು ಬಂದಾಗ, ಸಮುದ್ರವನ್ನು ದಾಟಿದ ಯತಿಯು ಕೃಷ್ಣನ ವಿಗ್ರಹವನ್ನು ಮುಟ್ಟಿ ಪೂಜಿಸಬಹುದೇ ಎಂಬ ಆಕ್ಷೇಪವನ್ನು ಇತರ ಯತಿಗಳು ಎತ್ತಿದರು. ಚರ್ಚೆ ಬಹುಕಾಲ ನಡೆಯಿತು. ಆದರೂ ಪುತ್ತಿಗೆಯ ಸರದಿಯನ್ನು ಬೇರೆ ಮಠಕ್ಕೆ ಕೊಡಲಿಲ್ಲ. 2008ರಲ್ಲಿಯೂ, 16 ವರ್ಷಗಳ ಬಳಿಕ 2024ರಲ್ಲಿಯೂ ಅವರೇ ಪೀಠವನ್ನೇರಿದರು. ವ್ಯಕ್ತಿಯ ವಿಷಯದಲ್ಲಿ ಭಿನ್ನಾಭಿಪ್ರಾಯವಿದ್ದರೂ ಮಠದ ಸರದಿಗೆ ಯಾರೂ ಕೈಹಾಕುವುದಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮುಂದಿನ ಅಧಿಕಾರಿಗಳು ಯಾರು ಎಂಬ ಪ್ರಶ್ನೆಗೆ ಉಡುಪಿಯಲ್ಲಿ ಚುನಾವಣೆ ಬೇಕಾಗಿಲ್ಲ, ಸ್ಪರ್ಧೆಯಿಲ್ಲ. ಉತ್ತರವು ಐದು ಶತಮಾನಗಳಿಂದ ನಿಶ್ಚಿತವಾಗಿದೆ. ಪೀಠದಲ್ಲಿ ಕುಳಿತವರಿಗೆ ತಮ್ಮ ಕೊನೆಯ ದಿನವು ಗೊತ್ತು. ತಮ್ಮ ಕೈಯಿಂದ ಬೀಗದ ಕೈಯನ್ನು ಪಡೆಯುವ ಮಠವೂ ಗೊತ್ತು. ಅವರು ಪೂಜೆಯಲ್ಲಿ ತೊಡಗಿರುವಾಗಲೇ, ರಥಬೀದಿಯ ಇನ್ನೊಂದು ಮಠದವರು ಬಾಳೆಯ ಕಂದುಗಳನ್ನು ನೆಟ್ಟು ನೀರೆರೆಯಲು ತೊಡಗಿರುತ್ತಾರೆ.